ಹೈಬ್ರಿಡ್ ನೇಪಿಯರ್, ಕುದುರೆ ಮಸಾಲೆ, ಅಲಸಂದೆ: ವರ್ಷವಿಡೀ ಹಸಿರು ಮೇವಿಗೆ ತಾಕುಗಳ ಯೋಜನೆ – ಪದೇ ಪದೇ ಕೇಳುವ ಪ್ರಶ್ನೆಗಳು

ಎಷ್ಟು ದನಗಳಿಗೆ ಎಷ್ಟು ಜಾಗ ಬೇಕು ಎಂಬ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು?

ಹೆಚ್ಚಿನವರು ವರ್ಷದ ಒಟ್ಟು ಇಳುವರಿಯಿಂದ ಆರಂಭಿಸುತ್ತಾರೆ. ಒಂದು ಎಕರೆ ನೇಪಿಯರ್ ವರ್ಷಕ್ಕೆ ಇಷ್ಟು ಟನ್ ಕೊಡುತ್ತದೆ, ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಇಷ್ಟು ಕಿಲೋ ಆಯಿತು ಎಂಬುದು ಅವರ ಲೆಕ್ಕ. ಕಾಗದದ ಮೇಲೆ ಇದು ಸರಿ ಕಂಡರೂ ಕೊಟ್ಟಿಗೆಯಲ್ಲಿ ಕೈಕೊಡುತ್ತದೆ, ಏಕೆಂದರೆ ಹುಲ್ಲು ವರ್ಷವಿಡೀ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬಿಸಿಲು, ಸೆಕೆ, ನೀರು ಮೂರೂ ಕೂಡಿದ ತಿಂಗಳುಗಳಲ್ಲಿ ನೇಪಿಯರ್ ಕತ್ತರಿಸಿ ಮುಗಿಸಲಾಗದಷ್ಟು ಬರುತ್ತದೆ. ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಥವಾ ನೀರು ಕಡಿಮೆಯಾದರೆ ಅದೇ ತಾಕು ಅರ್ಧಕ್ಕೆ ಕುಸಿಯುತ್ತದೆ. ದನಗಳ ಹೊಟ್ಟೆ ಮಾತ್ರ ಎರಡೂ ಕಾಲದಲ್ಲಿ ಒಂದೇ ಅಳತೆಯದು.

ಆದ್ದರಿಂದ ಲೆಕ್ಕವನ್ನು ಅತಿ ಕಡಿಮೆ ಬೆಳವಣಿಗೆಯ ತಿಂಗಳಿನಿಂದ ಆರಂಭಿಸಬೇಕು. ಆ ತಿಂಗಳಿನಲ್ಲಿ ಎಷ್ಟು ಕೊರತೆ ಬೀಳುತ್ತದೆ, ಅದನ್ನು ತುಂಬಲು ಹೆಚ್ಚಳದ ತಿಂಗಳಿನಲ್ಲಿ ಎಷ್ಟು ಉಳಿಸಿಡಬಹುದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಜಾಗದ ಪ್ರಮಾಣ ತಾನಾಗಿಯೇ ತಿಳಿಯುತ್ತದೆ.

ಮೂರು ಬೆಳೆಗಳೇ ಏಕೆ? ನೇಪಿಯರ್ ಒಂದೇ ಸಾಲದೇ?

ಹೊಟ್ಟೆ ತುಂಬಿಸಲು ಸಾಕು, ಹಾಲಿಗೆ ಸಾಲದು. ಹೈಬ್ರಿಡ್ ನೇಪಿಯರ್ ಎಂಬುದು ಸಜ್ಜೆ ಮತ್ತು ನೇಪಿಯರ್ ಹುಲ್ಲಿನ ಸಂಕರ. ಒಮ್ಮೆ ನೆಟ್ಟರೆ ನಾಲ್ಕಾರು ವರ್ಷ ಕೂಳೆಯಿಂದ ಚಿಗುರುತ್ತಲೇ ಇರುತ್ತದೆ ಮತ್ತು ಪ್ರಮಾಣದಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಆದರೆ ಅದರ ಒಣ ಪದಾರ್ಥದಲ್ಲಿ, ಅಂದರೆ ನೀರಿನಂಶವನ್ನು ಕಳೆದು ಉಳಿಯುವ ಮೇವಿನ ತೂಕದಲ್ಲಿ, ಸಸಾರಜನಕ ಶೇಕಡಾ 8ರಿಂದ 10ರಷ್ಟು ಮಾತ್ರ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಕಟ್ಟಿಹಾಕುವುದರಿಂದ ಹಾಲು ಕೊಡುವ ಹಸುವಿಗೆ ಕ್ಯಾಲ್ಸಿಯಂ ಕೊರತೆಯ ಭಯವೂ ಇದೆ. ಕುದುರೆ ಮಸಾಲೆ, ಅಂದರೆ ಲೂಸರ್ನ್, ಸಸಾರಜನಕದಲ್ಲಿ ನೇಪಿಯರ್‌ನ ಎರಡರಷ್ಟಿದೆ, ಕ್ಯಾಲ್ಸಿಯಂನಲ್ಲಿಯೂ ಶ್ರೀಮಂತವಾಗಿದೆ. ಎರಡನ್ನೂ ಬೆರೆಸಿ ಕೊಟ್ಟಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇಲ್ಲಿ ಅಲಸಂದೆಯ ಸ್ಥಾನವನ್ನು ಸ್ಪಷ್ಟಪಡಿಸಬೇಕು. ಅಲಸಂದೆ ಬಹುವಾರ್ಷಿಕ ಬೆಳೆಯಲ್ಲ. ಬಿತ್ತಿದ 50ರಿಂದ 60 ದಿನಗಳಲ್ಲಿ ಒಮ್ಮೆ ಕತ್ತರಿಸಿದರೆ ಅದರ ಕೆಲಸ ಮುಗಿಯಿತು. ಆದರೂ ಈ ಯೋಜನೆಯಲ್ಲಿ ಅದಕ್ಕೆ ಜಾಗ ಇರುವುದು ಕುದುರೆ ಮಸಾಲೆಯ ಒಂದು ದೌರ್ಬಲ್ಯದಿಂದಾಗಿ. ತಂಪು ಒಣ ಹವೆಯಲ್ಲಿ ಸೊಗಸಾಗಿ ಬೆಳೆಯುವ ಕುದುರೆ ಮಸಾಲೆ, ಎಡೆಬಿಡದ ಮಳೆ ಮತ್ತು ಸೆಕೆಯಲ್ಲಿ ಬುಡ ಕೊಳೆತು, ಕಳೆಗಳ ನಡುವೆ ಸೊರಗುತ್ತದೆ. ಆ ಕಾಲವೇ ಅಲಸಂದೆಗೆ ಹಿತ. ಹೀಗೆ ವರ್ಷವಿಡೀ ಉಳಿಯುವ ಎರಡು ಬೆಳೆಗಳ ನಡುವಿನ ಕಂದಕವನ್ನು ಮುಚ್ಚಲು ಅಲ್ಪಾವಧಿಯ ಮೂರನೆಯದು ಬೇಕಾಗುತ್ತದೆ.

ಒಂದು ಹಿಂಡಿನ ಲೆಕ್ಕವನ್ನು ಪೂರ್ತಿಯಾಗಿ ತೋರಿಸಬಹುದೇ?

ಸುಮಾರು 400 ಕಿಲೋ ತೂಗುವ 4 ಹಸುಗಳು ಮತ್ತು 200 ಕಿಲೋ ತೂಗುವ 2 ಕಡಸುಗಳಿವೆ ಎಂದಿಟ್ಟುಕೊಳ್ಳೋಣ. ಎರಡು ಕಡಸುಗಳನ್ನು ಸೇರಿಸಿ ಒಂದು ಹಸು ಎಂದು ಎಣಿಸಿದರೆ ಒಟ್ಟು 5 ಹಸುಗಳ ಲೆಕ್ಕವಾಗುತ್ತದೆ.

ಇಂತಹ ಒಂದು ಹಸು ದಿನಕ್ಕೆ ತನ್ನ ತೂಕದ ಶೇಕಡಾ 2.5ರಿಂದ 3ರಷ್ಟು, ಅಂದರೆ ಸುಮಾರು 11 ಕಿಲೋ ಒಣ ಪದಾರ್ಥ ತಿನ್ನುತ್ತದೆ. ಅದರಲ್ಲಿ ಸುಮಾರು 3 ಕಿಲೋ ಪಶು ಆಹಾರದಿಂದ ಬಂದರೆ ಉಳಿದ 8 ಕಿಲೋ ಮೇವಿನಿಂದ ಬರಬೇಕು. ಸುಮಾರು ಶೇಕಡಾ 20ರಷ್ಟು ಒಣ ಪದಾರ್ಥವಿರುವ 20 ಕಿಲೋ ಹಸಿ ನೇಪಿಯರ್‌ನಿಂದ 4 ಕಿಲೋ, ಕುದುರೆ ಮಸಾಲೆ, ಅಲಸಂದೆಯಂತಹ 7 ಕಿಲೋ ಹಸಿ ದ್ವಿದಳ ಮೇವಿನಿಂದ ಸುಮಾರು ಒಂದೂವರೆ ಕಿಲೋ, 3 ಕಿಲೋ ಒಣಹುಲ್ಲಿನಿಂದ ಎರಡೂವರೆ ಕಿಲೋಗೂ ತುಸು ಹೆಚ್ಚು ದೊರೆಯುತ್ತದೆ. ಒಣಹುಲ್ಲನ್ನು ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದಲ್ಲ. ಮೆಲುಕು ಹಾಕಲು ಒರಟು ನಾರು ಬೇಕು, ಎಳೆ ಮೇವಿನ ನೀರಿನಂಶವನ್ನು ಹಿಡಿದಿಡಲೂ ಅದು ಬೇಕು.

ಐದು ಹಸುಗಳಿಗೆ ಗುಣಿಸಿದರೆ ದಿನವೊಂದಕ್ಕೆ 100 ಕಿಲೋ ನೇಪಿಯರ್, 35 ಕಿಲೋ ದ್ವಿದಳ ಮೇವು, 15 ಕಿಲೋ ಒಣಹುಲ್ಲು. ಮುಂದಿನ ಉತ್ತರಗಳೆಲ್ಲ ಈ ಅಂಕಿಗಳ ಮೇಲೆಯೇ ನಿಂತಿವೆ. ನಿಮ್ಮ ಹಿಂಡು ದೊಡ್ಡದಾಗಿದ್ದರೆ ಅನುಪಾತದಲ್ಲಿ ಹೆಚ್ಚಿಸಿಕೊಳ್ಳಬಹುದು.

ಈ ಹಿಂಡಿಗೆ ನೇಪಿಯರ್ ಎಷ್ಟು ಗುಂಟೆ ಬೇಕು?

ಒಂದು ಗುಂಟೆಯನ್ನು 100 ಚದರ ಮೀಟರ್ ಎಂದು ಹಿಡಿದರೆ ಲೆಕ್ಕ ಸುಲಭವಾಗುತ್ತದೆ. ನೀರಾವರಿಯ ಸಾಧಾರಣ ಉತ್ತಮ ತಾಕಿನಲ್ಲಿ, ಬೆಳವಣಿಗೆಯ ಕಾಲದಲ್ಲಿ 45 ದಿನಗಳಿಗೊಮ್ಮೆ ಕತ್ತರಿಸಿದರೆ ಚದರ ಮೀಟರಿಗೆ 2.8 ಕಿಲೋ ಸಿಗುತ್ತದೆ ಎನ್ನೋಣ. ನಿಧಾನ ಕಾಲದಲ್ಲಿ ಅದು ಕತ್ತರಿಸಲು ಬರುವುದೇ 60 ದಿನಕ್ಕೆ, ಆಗಲೂ 1.8 ಕಿಲೋಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಜಾಹೀರಾತಿನ ಅಂಕಿಗಳು ಇವಕ್ಕಿಂತ ಬಹಳ ಮೇಲಿರುತ್ತವೆ. ಯೋಜನೆ ಮಾಡುವಾಗ ಅವನ್ನು ಮರೆತುಬಿಡುವುದೇ ಕ್ಷೇಮ.

ಬೆಳವಣಿಗೆಯ ಕಾಲದಲ್ಲಿ ದಿನಕ್ಕೆ 100 ಕಿಲೋ ಪಡೆಯಲು ಸುಮಾರು 36 ಚದರ ಮೀಟರ್ ಕತ್ತರಿಸಬೇಕು. 45 ದಿನಗಳಿಗೆ 1,600 ಚದರ ಮೀಟರ್, ಅಂದರೆ 16 ಗುಂಟೆ ಸಾಕು. ನಿಧಾನ ಕಾಲದಲ್ಲಿ ಅದೇ 100 ಕಿಲೋಗೆ ದಿನಕ್ಕೆ 55 ಚದರ ಮೀಟರ್, 60 ದಿನಗಳಿಗೆ 33 ಗುಂಟೆ ಬೇಕು. 16 ಗುಂಟೆ ನೆಟ್ಟವರು ನಾಲ್ಕು ತಿಂಗಳು ಮೇವಿಗಾಗಿ ಅಲೆಯುತ್ತಾರೆ. 33 ಗುಂಟೆ ನೆಟ್ಟವರು ಆರು ತಿಂಗಳು ಬಲಿತು ಒರಟಾದ ಹುಲ್ಲನ್ನು ನೋಡುತ್ತ ಕೂರುತ್ತಾರೆ.

ಇವೆರಡರ ನಡುವೆ 24 ಗುಂಟೆಯನ್ನು ಆರಿಸಿಕೊಳ್ಳುವುದು ಸೂಕ್ತ. ನಿಧಾನ ಕಾಲದಲ್ಲಿ 24 ಗುಂಟೆ ದಿನಕ್ಕೆ 72 ಕಿಲೋ ಕೊಡುತ್ತದೆ, 28 ಕಿಲೋ ಕೊರತೆ ಬೀಳುತ್ತದೆ. ಅಂತಹ ದಿನಗಳು 120 ಇದ್ದರೆ ಒಟ್ಟು ಕೊರತೆ ಸುಮಾರು 3.4 ಟನ್ ಹಸಿ ಹುಲ್ಲು. ಬೆಳವಣಿಗೆಯ ಕಾಲದಲ್ಲಿ ಇದೇ ಜಾಗ ದಿನಕ್ಕೆ ಸುಮಾರು 149 ಕಿಲೋ ಕೊಡುವುದರಿಂದ, ಆ ಕೊರತೆಯನ್ನು ತುಂಬಿ ಮಿಗುವಷ್ಟನ್ನು ಕೊಚ್ಚಿ, ಗಾಳಿಯಾಡದಂತೆ ಮುಚ್ಚಿ, ಹುಳಿ ಬರಿಸಿ ರಸಮೇವಾಗಿ ಇಡಬಹುದು.

ನಮ್ಮ ತಾಕಿನ ಇಳುವರಿ ಎಷ್ಟೆಂದು ತಿಳಿಯುವುದು ಹೇಗೆ?

ಕತ್ತರಿಸುವ ದಿನ ತಾಕಿನ ಬದುವಿನಿಂದ ಒಳಗೆ, ಅತಿ ಚೆನ್ನಾಗಿಯೂ ಅತಿ ಕೆಟ್ಟದಾಗಿಯೂ ಇಲ್ಲದ ಕಡೆ, 2 ಮೀಟರ್ ಉದ್ದ 2 ಮೀಟರ್ ಅಗಲದ ಚೌಕವನ್ನು ಹಗ್ಗದಿಂದ ಗುರುತಿಸಿ, ಅಲ್ಲಿನ ಹುಲ್ಲನ್ನಷ್ಟೇ ಕತ್ತರಿಸಿ ತೂಗಬೇಕು. 11 ಕಿಲೋ ಬಂದರೆ ಚದರ ಮೀಟರಿಗೆ ಸುಮಾರು 2.8 ಕಿಲೋ, 7 ಕಿಲೋ ಬಂದರೆ 1.8 ಕಿಲೋ ಆಯಿತು. ಬದುವಿನ ಅಂಚಿನ ಸಾಲುಗಳು ಬೆಳಕು ಹೆಚ್ಚು ಪಡೆದು ಹುಲುಸಾಗಿರುವುದರಿಂದ ಅಲ್ಲಿ ತೂಗಿದರೆ ಲೆಕ್ಕ ಉಬ್ಬುತ್ತದೆ. ಮಳೆಯ ನೀರು ಅಥವಾ ಇಬ್ಬನಿ ಅಂಟಿರುವ ಹೊತ್ತಿನಲ್ಲಿಯೂ ತೂಗಬಾರದು. ತಿಂಗಳಿಗೊಮ್ಮೆ ಹೀಗೆ ತೂಗಿ ಬರೆದಿಟ್ಟರೆ ಒಂದು ವರ್ಷದಲ್ಲಿ ನಿಮ್ಮದೇ ಅಂಕಿಗಳು ಸಿಗುತ್ತವೆ, ಮೇಲಿನ 2.8 ಮತ್ತು 1.8ರ ಬದಲಿಗೆ ಅವನ್ನು ಬಳಸಬಹುದು.

24 ಗುಂಟೆಯನ್ನು ಹೇಗೆ ಭಾಗ ಮಾಡಬೇಕು? ದಿನಕ್ಕೊಂದು ಪಟ್ಟಿಯೇ?

ದಿನಕ್ಕೊಂದು ಪಟ್ಟಿ ಮಾಡಿದರೆ 45 ಪಟ್ಟಿಗಳಾಗುತ್ತವೆ. ನೀರು ಹಾಯಿಸುವುದಕ್ಕೂ ಗೊಬ್ಬರ ಕೊಡುವುದಕ್ಕೂ ಅದು ತಲೆನೋವು. 3 ಗುಂಟೆಯ 8 ತಾಕುಗಳು ಸಾಕು. ರಸಮೇವಿಗೆ ಹೋಗುವುದನ್ನೂ ಸೇರಿಸಿದರೆ ಒಂದು ತಾಕನ್ನು ಕತ್ತರಿಸಿ ಮುಗಿಸಲು ಬೆಳವಣಿಗೆಯ ಕಾಲದಲ್ಲಿ ಸರಾಸರಿ ಐದಾರು ದಿನ, ನಿಧಾನ ಕಾಲದಲ್ಲಿ ಏಳೆಂಟು ದಿನ ಹಿಡಿಯುತ್ತದೆ. ಎಂಟನೆಯದು ಮುಗಿಯುವಾಗ ಮೊದಲನೆಯದು ಮತ್ತೆ ಕಟಾವಿಗೆ ಬಂದಿರುತ್ತದೆ.

ಈ ಕ್ರಮ ತಪ್ಪುವುದು ಬಹುತೇಕ ಒಂದೇ ರೀತಿಯಲ್ಲಿ. ಕೊಟ್ಟಿಗೆಗೆ ಹತ್ತಿರದ ತಾಕು 35 ದಿನಕ್ಕೇ ಹಸಿರಾಗಿ ಕಂಡು ಅದನ್ನು ಮೊದಲು ಕತ್ತರಿಸುತ್ತಾರೆ, ದೂರದ ತಾಕು 70 ದಿನ ದಾಟಿ ಕಬ್ಬಿನಂತೆ ಬಲಿಯುತ್ತದೆ. ಹತ್ತಿರದ್ದು ಪದೇ ಪದೇ ಎಳೆಯದರಲ್ಲೇ ಕತ್ತರಿಸಿದ್ದರಿಂದ ಬುಡದ ಶಕ್ತಿ ಕಳೆದುಕೊಂಡು ವರ್ಷದೊಳಗೆ ತೆಳುವಾಗುತ್ತದೆ. ದೂರದ್ದನ್ನು ದನಗಳು ಎಲೆ ತಿಂದು ಕಾಂಡ ಬಿಡುತ್ತವೆ. ಗೋದಲಿಯಲ್ಲಿ ಬೆಳಗ್ಗೆ ಉಳಿದಿರುವ ಕಾಂಡದ ರಾಶಿಯೇ ತಾಕಿನ ಸರದಿ ತಪ್ಪಿದೆ ಎಂಬುದರ ಗುರುತು. ಪ್ರತಿ ತಾಕಿಗೂ ಒಂದು ಸಂಖ್ಯೆ ಕೊಟ್ಟು, ಕತ್ತರಿಸಿ ಮುಗಿಸಿದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆಯುವುದರಿಂದ ಈ ತಪ್ಪನ್ನು ತಡೆಯಬಹುದು.

ಕುದುರೆ ಮಸಾಲೆ ಮತ್ತು ಅಲಸಂದೆಗೆ ಎಷ್ಟು ಜಾಗ?

ಕುದುರೆ ಮಸಾಲೆಯ ಒಂದು ಕಟಾವಿನಲ್ಲಿ ಚದರ ಮೀಟರಿಗೆ ಸುಮಾರು 0.7 ಕಿಲೋ ಎಂದು ಹಿಡಿದರೆ, ದಿನದ 35 ಕಿಲೋಗೆ 50 ಚದರ ಮೀಟರ್ ಬೇಕು. 28 ದಿನಗಳಿಗೊಮ್ಮೆ ಕಟಾವು ಬರುವುದರಿಂದ ಒಟ್ಟು 14 ಗುಂಟೆಯಾಗುತ್ತದೆ.

ಮಳೆಗಾಲದಲ್ಲಿ ಇದರ ಇಳುವರಿ ಅರ್ಧಕ್ಕಿಳಿದು ದಿನಕ್ಕೆ 17 ಕಿಲೋ ಆಸುಪಾಸಿಗೆ ಬರುತ್ತದೆ ಎಂದುಕೊಳ್ಳೋಣ. ಉಳಿದದ್ದನ್ನು ಅಲಸಂದೆ ಕೊಡಬೇಕು. ಅಲಸಂದೆಯ ಹಸಿ ಮೇವು ಚದರ ಮೀಟರಿಗೆ ಸುಮಾರು 2 ಕಿಲೋ ಬರುತ್ತದೆ. ಆದರೆ ಅದನ್ನು ಒಮ್ಮೆಲೇ ಬಿತ್ತಿದರೆ ಒಮ್ಮೆಲೇ ಹೂ ಬಿಡುತ್ತದೆ. ಕಾಯಿ ತುಂಬುವ ಮೊದಲು, ಮೇವಾಗಿ ಚೆನ್ನಾಗಿರುವ ಅವಧಿ ಹತ್ತು ಹನ್ನೆರಡು ದಿನ ಮಾತ್ರ. ಆದ್ದರಿಂದ 10 ದಿನಗಳಿಗೊಮ್ಮೆ ಒಂದು ಗುಂಟೆಯಂತೆ ಬಿತ್ತಬೇಕು. ಒಂದು ಗುಂಟೆ ಕೊಡುವ 200 ಕಿಲೋ, ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ 20 ಕಿಲೋ ಆಗುತ್ತದೆ. ಯಾವ ದಿನ ನೋಡಿದರೂ ಆರು ಗುಂಟೆ ಬೇರೆ ಬೇರೆ ವಯಸ್ಸಿನಲ್ಲಿ ಬೆಳೆಯುತ್ತಿರುತ್ತದೆ, ಒಂದು ಗುಂಟೆ ಉಳುಮೆಯಲ್ಲಿರುತ್ತದೆ. ಹೀಗೆ ಅಲಸಂದೆಗೆ 7 ಗುಂಟೆ ಮೀಸಲು.

ನೇಪಿಯರ್ 24, ಕುದುರೆ ಮಸಾಲೆ 14, ಅಲಸಂದೆ 7, ಒಟ್ಟು 45 ಗುಂಟೆ. ಒಂದು ಎಕರೆಗಿಂತ 5 ಗುಂಟೆ ಹೆಚ್ಚು.

ಮೊದಲ ವರ್ಷ ಯಾವುದನ್ನು ಮೊದಲು ಹಾಕಬೇಕು?

ನೇಪಿಯರ್ ಅನ್ನು ಮಳೆ ಆರಂಭವಾದಾಗ, ನೀರಿದ್ದರೆ ಅದಕ್ಕೂ ತುಸು ಮೊದಲು ನೆಡಬಹುದು. ಇದು ಬರಡು ಸಂಕರವಾದ್ದರಿಂದ ಬೀಜದಿಂದ ಬರುವುದಿಲ್ಲ. ಸುಮಾರು ಮೂರು ತಿಂಗಳು ಬಲಿತ ಕಾಂಡದಿಂದ ಎರಡು ಗೆಣ್ಣಿನ ತುಂಡುಗಳನ್ನು ಕತ್ತರಿಸಿ, ಒಂದು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ಊರಬೇಕು, ಕಣ್ಣು ಮೇಲ್ಮುಖವಾಗಿರಬೇಕು. ಸಾಲಿನಿಂದ ಸಾಲಿಗೆ 1 ಮೀಟರ್, ಗಿಡದಿಂದ ಗಿಡಕ್ಕೆ ಅರ್ಧ ಮೀಟರ್ ಬಿಟ್ಟರೆ 3 ಗುಂಟೆಯ ತಾಕಿಗೆ 600 ತುಂಡುಗಳು ಸಾಕಾಗುತ್ತವೆ. ಮೊಳೆಯದ ಜಾಗ ತುಂಬಲು ಇನ್ನೊಂದು 60 ತುಂಡುಗಳನ್ನು ಒಂದು ಮೂಲೆಯಲ್ಲಿ ಒತ್ತಾಗಿ ನೆಟ್ಟಿಡುವುದು ಒಳ್ಳೆಯದು.

ಎಂಟೂ ತಾಕುಗಳನ್ನು ಒಂದೇ ವಾರದಲ್ಲಿ ನೆಡಬಾರದು ಎಂಬುದು ಮುಖ್ಯ. ಹಾಗೆ ನೆಟ್ಟರೆ 70ರಿಂದ 75 ದಿನಕ್ಕೆ ಎಲ್ಲವೂ ಒಟ್ಟಿಗೆ ಕಟಾವಿಗೆ ಬರುತ್ತವೆ, ಸರದಿ ಎಂಬುದೇ ಹುಟ್ಟುವುದಿಲ್ಲ. ಐದಾರು ದಿನಗಳ ಅಂತರದಲ್ಲಿ ಒಂದೊಂದನ್ನೇ ನೆಡುತ್ತ ಹೋದರೆ ತಾಕುಗಳ ವಯಸ್ಸು ಮೊದಲ ದಿನದಿಂದಲೇ ಮೆಟ್ಟಿಲಿನಂತೆ ಏರುತ್ತದೆ.

ನೇಪಿಯರ್ ಹರಡುವ ಮೊದಲು ಸಾಲುಗಳ ನಡುವಿನ 1 ಮೀಟರ್ ಖಾಲಿಯೇ ಇರುತ್ತದೆ. ಅಲ್ಲಿ ಎರಡು ಸಾಲು ಅಲಸಂದೆ ಬಿತ್ತಿದರೆ ಕಳೆ ಹತ್ತಿಕ್ಕುತ್ತದೆ, ನೇಪಿಯರ್‌ನ ಮೊದಲ ಕಟಾವಿಗೂ ಮುನ್ನವೇ ಮೊದಲ ಹಸಿರು ಮೇವೂ ಕೈಗೆ ಬರುತ್ತದೆ. ಅದನ್ನು ಹೂವಿನ ಹಂತದಲ್ಲಿ ತಪ್ಪದೆ ತೆಗೆಯಬೇಕು. ಬೀಜಕ್ಕೆಂದು ಬಿಟ್ಟರೆ ಬಳ್ಳಿ ಎಳೆಯ ನೇಪಿಯರ್ ಮೇಲೇರಿ ಅದನ್ನು ಬಗ್ಗಿಸುತ್ತದೆ.

ಕುದುರೆ ಮಸಾಲೆಯ ಸರದಿ ಮಳೆ ಮುಗಿದು ಹವೆ ತಂಪಾದ ಮೇಲೆ. ನೀರು ನಿಲ್ಲದ, ರಸಸಾರ 6.5ರಿಂದ 7.5ರ ನಡುವಿನ ಮಣ್ಣಿಗೆ ಇದು ಒಲಿಯುತ್ತದೆ. ಹುಳಿ ಮಣ್ಣಾದರೆ ಮೊದಲು ಸುಣ್ಣ ಕೊಡಬೇಕು. ಬೀಜ ಬಹಳ ಸಣ್ಣದಾದ್ದರಿಂದ ಮಣ್ಣನ್ನು ನಯಗೊಳಿಸಿ, 20ರಿಂದ 25 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ಗುಂಟೆಗೆ ಸುಮಾರು 250 ಗ್ರಾಂ ಬೀಜ ಸಾಕು, ಅಲಸಂದೆಗೆ ಗುಂಟೆಗೆ 400 ಗ್ರಾಂ ಬೇಕು.

ಎರಡೂ ದ್ವಿದಳಗಳಿಗೆ ಒಂದೇ ರೈಜೋಬಿಯಂ ಪೊಟ್ಟಣ ಆಗುತ್ತದೆಯೇ?

ಆಗುವುದಿಲ್ಲ. ಕುದುರೆ ಮಸಾಲೆಯ ಬೇರಿನಲ್ಲಿ ಗಂಟು ಕಟ್ಟುವ ಜೀವಾಣು ಬೇರೆ, ಅಲಸಂದೆಯದು ಬೇರೆ. ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿಯೇ ತೆಗೆದುಕೊಳ್ಳಬೇಕು. ಹಿಂದೆಂದೂ ಕುದುರೆ ಮಸಾಲೆ ಬೆಳೆಯದ ಜಮೀನಿನಲ್ಲಿ ಈ ಜೀವಾಣುವಿನಿಂದ ಬೀಜೋಪಚಾರ ಮಾಡದೆ ಬಿಟ್ಟರೆ ಗಿಡ ಹಳದಿಯಾಗಿ ಕುಂಠಿತವಾಗುವ ಸಂಭವ ಹೆಚ್ಚು. ಬಿತ್ತಿದ ಆರು ವಾರಗಳ ಬಳಿಕ ಒಂದು ಗಿಡವನ್ನು ಮಣ್ಣುಸಹಿತ ಎತ್ತಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಗೆ ನಸುಗೆಂಪು ಬಣ್ಣವಿದ್ದರೆ ಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಕೆಲಸ ಮಾಡುತ್ತಿಲ್ಲ.

ನೇಪಿಯರ್ ಸಾಲುಗಳ ನಡುವೆಯೇ ಕುದುರೆ ಮಸಾಲೆಯನ್ನು ಬೆಳೆಯಬಾರದೇ?

ಜೋಡಿ ಸಾಲು ಪದ್ಧತಿಯಲ್ಲಿ ಅಗಲ ಜಾಗ ಬಿಟ್ಟು ಬೆಳೆಯುವವರಿದ್ದಾರೆ, ಆದರೆ ಇದನ್ನು ಸಲಹೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಒಂದರ ಕಟಾವು 45 ದಿನಕ್ಕೆ, ಇನ್ನೊಂದರದು 28 ದಿನಕ್ಕೆ. ಒಂದಕ್ಕೆ ಯೂರಿಯಾ ಬೇಕು, ಇನ್ನೊಂದಕ್ಕೆ ಬೇಡ. ಇದರ ಮೇಲೆ ಎತ್ತರದ ಹುಲ್ಲಿನ ನೆರಳು ಬೇರೆ.

ಕಟಾವಿನ ಸರಿಯಾದ ಹಂತ ಮತ್ತು ಎತ್ತರ ಯಾವುದು?

ನೇಪಿಯರ್ ಅನ್ನು ನೆಲದಿಂದ 10ರಿಂದ 15 ಸೆಂಟಿಮೀಟರ್ ಬಿಟ್ಟು, ಹರಿತವಾದ ಕುಡುಗೋಲಿನಿಂದ ಒಂದೇ ಏಟಿಗೆ ಕತ್ತರಿಸಬೇಕು. ನೆಲಮಟ್ಟಕ್ಕೆ ಕತ್ತರಿಸಿದರೆ ಬುಡದ ಕಣ್ಣುಗಳೇ ಹೋಗುತ್ತವೆ. ತೀರ ಮೇಲೆ ಕತ್ತರಿಸಿದರೆ ಮೇಲಿನ ಗೆಣ್ಣುಗಳಿಂದ ಸಣಕಲು ಚಿಗುರುಗಳು ಬಂದು ಬುಡದಿಂದ ದಪ್ಪ ಮರಿಗಳು ಏಳುವುದಿಲ್ಲ.

ಕುದುರೆ ಮಸಾಲೆಗೆ ಶೇಕಡಾ 10ರಷ್ಟು ಗಿಡಗಳಲ್ಲಿ ಹೂ ಕಂಡಾಗ ಕತ್ತರಿಸಬೇಕು ಎಂಬ ನಿಯಮವಿದೆ. ಆದರೆ ತಂಪು ಹವೆಯಲ್ಲಿ ಹೂವು ಬಹಳ ತಡವಾಗಿ ಬರುತ್ತದೆ. ಆಗ ಬುಡವನ್ನು ನೋಡಬೇಕು. ಗಿಡವನ್ನು ಕೈಯಿಂದ ಬಿಡಿಸಿ ನೋಡಿದಾಗ, ಮಣ್ಣಿನ ಮಟ್ಟದಲ್ಲಿರುವ ಗಟ್ಟಿ ಬುಡದಿಂದ ಎರಡು ಮೂರು ಸೆಂಟಿಮೀಟರ್ ಉದ್ದದ ಹೊಸ ಚಿಗುರುಗಳು ಎದ್ದಿದ್ದರೆ ಬೇರಿನಲ್ಲಿ ಸಾಕಷ್ಟು ಆಹಾರ ಶೇಖರವಾಗಿದೆ ಎಂದರ್ಥ. ಆಗ ಆ ಚಿಗುರುಗಳಿಗೆ ತಾಗದಂತೆ ಏಳೆಂಟು ಸೆಂಟಿಮೀಟರ್ ಮೇಲೆ ಕತ್ತರಿಸಬೇಕು. ಚಿಗುರು ಏಳುವ ಮುನ್ನ ಪದೇ ಪದೇ ಕತ್ತರಿಸಿದ ತಾಕಿನಲ್ಲಿ ಗಿಡಗಳು ಒಂದೊಂದಾಗಿ ಸತ್ತು, ಖಾಲಿ ಜಾಗಕ್ಕೆ ಹುಲ್ಲಿನ ಕಳೆ ನುಗ್ಗುತ್ತದೆ. ಮೊದಲ ಕಟಾವಿಗಂತೂ ಅವಸರ ಸಲ್ಲದು, ಎರಡು ತಿಂಗಳಾದರೂ ಬೇರಿಳಿಯಲು ಬಿಡಬೇಕು. ಅಲಸಂದೆಯಲ್ಲಿ ಅರ್ಧದಷ್ಟು ಗಿಡಗಳು ಹೂ ಬಿಟ್ಟಾಗ ಕತ್ತರಿಸಲು ಆರಂಭಿಸಿದರೆ ಸಾಕು.

ಗೊಬ್ಬರ ಎಷ್ಟು ಕೊಡಬೇಕು? ಎರಡು ವರ್ಷ ಚೆನ್ನಾಗಿ ಬಂದ ನೇಪಿಯರ್ ಮೂರನೆಯ ವರ್ಷ ಯೂರಿಯಾ ಕೊಟ್ಟರೂ ಏಕೆ ಏಳುವುದಿಲ್ಲ?

ಧಾನ್ಯದ ಬೆಳೆಯಲ್ಲಿ ಹುಲ್ಲಾದರೂ ಹೊಲಕ್ಕೆ ಮರಳಬಹುದು, ಮೇವಿನ ತಾಕಿನಿಂದ ಎಲ್ಲವೂ ಹೊರಗೆ ಹೋಗುತ್ತದೆ. ನಮ್ಮ 24 ಗುಂಟೆಯ ಉದಾಹರಣೆಯಲ್ಲಿ ವರ್ಷಕ್ಕೆ ಸುಮಾರು 42 ಟನ್ ಹಸಿ ಹುಲ್ಲು ಬರುತ್ತದೆ, ಅದರೊಂದಿಗೆ ಸುಮಾರು 115 ಕಿಲೋ ಸಾರಜನಕ ಮತ್ತು ಅದಕ್ಕಿಂತ ಕಡಿಮೆಯಿಲ್ಲದಷ್ಟು ಪೊಟ್ಯಾಷ್ ಮಣ್ಣಿನಿಂದ ಎದ್ದು ಹೋಗುತ್ತದೆ. ಯೂರಿಯಾ ಸಾರಜನಕವನ್ನಷ್ಟೇ ಮರಳಿಸುತ್ತದೆ. ಪೊಟ್ಯಾಷ್ ಖಾಲಿಯಾದಂತೆ ಹಳೆಯ ಎಲೆಗಳ ಅಂಚು ತುದಿಯಿಂದ ಸುಟ್ಟಂತೆ ಒಣಗುತ್ತದೆ, ಕಾಂಡ ಸಣ್ಣದಾಗುತ್ತದೆ. ಮೂರನೆಯ ವರ್ಷದ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ.

ದನ ತಿಂದ ಪೊಟ್ಯಾಷ್‌ನ ಬಹುಪಾಲು ಗಂಜಲದಲ್ಲಿ ಹೊರಬರುತ್ತದೆ. ಆದ್ದರಿಂದ ಕೊಟ್ಟಿಗೆ ತೊಳೆದ ನೀರು ಮತ್ತು ಗಂಜಲವನ್ನು ಚರಂಡಿಗೆ ಬಿಡದೆ ಗುಂಡಿಯಲ್ಲಿ ಹಿಡಿದು, ಕತ್ತರಿಸಿದ ತಾಕಿಗೇ ಹಾಯಿಸುವುದು ಈ ಯೋಜನೆಯ ಅವಿಭಾಜ್ಯ ಭಾಗ. ನೆಡುವ ಮುನ್ನ ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಕೊಟ್ಟು, ಅಗತ್ಯ ಸಾರಜನಕದ ಅರ್ಧದಷ್ಟು ಈ ಗುಂಡಿಯ ಸ್ಲರಿಯಿಂದ ಬರುವಂತೆ ನೋಡಿಕೊಂಡರೆ, ಪ್ರತಿ ಕಟಾವಿನ ನಂತರ 3 ಗುಂಟೆಗೆ ಎರಡರಿಂದ ಎರಡೂವರೆ ಕಿಲೋ ಯೂರಿಯಾ ಸಾಕಾಗುತ್ತದೆ. ಸ್ಲರಿ ಇಲ್ಲದಿದ್ದರೆ ಅದರ ಎರಡರಷ್ಟು ಬೇಕು, ಜೊತೆಗೆ ಪೊಟ್ಯಾಷನ್ನೂ ಕೊಳ್ಳಬೇಕು.

ಕುದುರೆ ಮಸಾಲೆಗೆ ಯೂರಿಯಾ ಕೊಡುವುದು ಕಳೆಗೆ ಉಣಬಡಿಸಿದಂತೆ. ಅದಕ್ಕೆ ಬೇಕಾದದ್ದು ರಂಜಕ ಮತ್ತು ಪೊಟ್ಯಾಷ್.

ಬೇಸಿಗೆಯಲ್ಲಿ ನೀರು ಅರ್ಧಕ್ಕಿಳಿದರೆ ಏನು ಮಾಡಬೇಕು?

ಇರುವ ನೀರನ್ನು ಎಲ್ಲ ತಾಕುಗಳಿಗೂ ತೆಳುವಾಗಿ ಹಂಚಿದರೆ ಯಾವುದೂ ಕಟಾವಿಗೆ ಬರುವುದಿಲ್ಲ. ಕುದುರೆ ಮಸಾಲೆಗೂ ನಾಲ್ಕು ನೇಪಿಯರ್ ತಾಕುಗಳಿಗೂ ಪೂರ್ತಿ ನೀರು ಕೊಟ್ಟು, ಉಳಿದ ನಾಲ್ಕನ್ನು ಕತ್ತರಿಸಿ, ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ, ಜೀವ ಹಿಡಿಯುವಷ್ಟು ನೀರಿನಲ್ಲಿ ಮಲಗಿಸುವುದು ಮೇಲು. ನೇಪಿಯರ್‌ನ ಬುಡ ಬರವನ್ನು ತಡೆದು ಮತ್ತೆ ಚಿಗುರಬಲ್ಲದು. ಆ ಕಾಲಕ್ಕೆಂದೇ ರಸಮೇವು ಇರಬೇಕು.

ಒಂದು ಎಚ್ಚರಿಕೆ: ನೀರಿಲ್ಲದೆ ಬಾಡಿದ, ಅದರಲ್ಲೂ ಯೂರಿಯಾ ಉಂಡಿದ್ದ ನೇಪಿಯರ್ ಮೊದಲ ಮಳೆಗೆ ಚಿಗುರಿದಾಗ ಅದರಲ್ಲಿ ನೈಟ್ರೇಟ್ ಹೆಚ್ಚಿರಬಹುದು. ಅಂತಹ ಚಿಗುರನ್ನು ತಕ್ಷಣ ಕತ್ತರಿಸದೆ ಒಂದೆರಡು ವಾರ ಬೆಳೆಯಲು ಬಿಟ್ಟು, ಆಮೇಲೂ ಒಣಹುಲ್ಲಿನೊಂದಿಗೆ ಬೆರೆಸಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು.

ಹೆಚ್ಚಾದ ನೇಪಿಯರ್‌ನಿಂದ ರಸಮೇವು ಮಾಡಿದಾಗ ಅದು ಕೊಳೆತು ನಾರುತ್ತದೆ. ಕಾರಣವೇನು?

ಬಹುತೇಕ ಎರಡು ಕಾರಣಗಳು: ನೀರಿನಂಶ ಹೆಚ್ಚು, ಸಕ್ಕರೆ ಕಡಿಮೆ. ಮೆಕ್ಕೆಜೋಳದಲ್ಲಿರುವಷ್ಟು ಸಕ್ಕರೆ ನೇಪಿಯರ್‌ನಲ್ಲಿಲ್ಲ. ಕತ್ತರಿಸಿದ ಕೂಡಲೇ ಗುಂಡಿಗೆ ತುಂಬಿದರೆ ಹುಳಿ ಬರುವ ಬದಲು ಕೊಳೆಯುತ್ತದೆ. ಬಿಸಿಲಿನಲ್ಲಿ ಬಾಡಿಸಿ ಒಣ ಪದಾರ್ಥವನ್ನು ಶೇಕಡಾ 30ರ ಸುತ್ತಮುತ್ತ ತರಬೇಕು. ಎರಡು ಮೂರು ಸೆಂಟಿಮೀಟರ್‌ಗೆ ಕೊಚ್ಚಿದ ಹುಲ್ಲನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಬಿಗಿಯಾಗಿ ಹಿಡಿದು ಬಿಟ್ಟಾಗ, ಬೆರಳ ಸಂದಿಯಲ್ಲಿ ನೀರಿಳಿಯದೆ ಉಂಡೆ ಮೆಲ್ಲನೆ ಬಿಚ್ಚಿಕೊಂಡರೆ ಹದ ಬಂದಿದೆ. ನೂರು ಕಿಲೋಗೆ ಎರಡು ಕಿಲೋ ಬೆಲ್ಲ ಅಥವಾ ಕಾಕಂಬಿಯನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತೆಳು ಪದರಗಳಲ್ಲಿ ತುಳಿದು ಗಾಳಿ ಹೊರಡಿಸಿ, ಅದೇ ದಿನ ಮುಚ್ಚಬೇಕು. 45 ದಿನಗಳ ನಂತರ ತೆರೆದಾಗ ಹಳದಿ ಮಿಶ್ರಿತ ಹಸಿರು ಬಣ್ಣ, ಹುಳಿ ವಾಸನೆ ಇರಬೇಕು. ಬೂಷ್ಟು ಹಿಡಿದ ಭಾಗವನ್ನು ದನಕ್ಕೆ ಹಾಕಬಾರದು.

ನಮ್ಮ ಉದಾಹರಣೆಯಲ್ಲಿ ಬೆಳವಣಿಗೆಯ ಆರು ತಿಂಗಳಿಗೆ ನಾಲ್ಕು ಸುತ್ತು ಕಟಾವು. ಪ್ರತಿ ಸುತ್ತಿನಲ್ಲಿ ಎರಡು ತಾಕನ್ನು ರಸಮೇವಿಗೆ ಬಿಟ್ಟು ಆರು ತಾಕಿನಲ್ಲಿ ದಿನನಿತ್ಯದ ಮೇವು ನಡೆಸಬಹುದು. ಎರಡು ತಾಕಿನ ಸುಮಾರು 1,680 ಕಿಲೋ ಹುಲ್ಲು ಬಾಡಿದ ಮೇಲೆ ಒಂದು ಟನ್‌ಗೆ ಇಳಿದು, 2 ಘನ ಮೀಟರ್ ಗುಂಡಿ ಅಥವಾ ಅಷ್ಟೇ ಅಳತೆಯ ಚೀಲಗಳಲ್ಲಿ ಹಿಡಿಸುತ್ತದೆ. ನಿಧಾನ ಕಾಲದ 28 ಕಿಲೋ ಹಸಿ ಹುಲ್ಲಿನ ಕೊರತೆಗೆ ದಿನಕ್ಕೆ 18 ಕಿಲೋ ರಸಮೇವು ಸಮನಾಗುತ್ತದೆ. ಹಾನಿಯನ್ನು ಕಳೆದರೂ ನಾಲ್ಕು ಸುತ್ತಿನದರಲ್ಲಿ ಸುಮಾರು ಮೂರನೆಯ ಒಂದು ಭಾಗ ಮಿಗುತ್ತದೆ. ಮಳೆ ತಡವಾದ ವರ್ಷಕ್ಕೆ ಅದು ಬೇಕೇ ಬೇಕು. ಮಳೆ ಹಿಡಿದು ಬಾಡಿಸಲಾಗದ ಸುತ್ತಿನಲ್ಲಿ ಕೊಚ್ಚಿದ ಒಣಹುಲ್ಲನ್ನು ಬೆರೆಸಿ ಹದ ತರಬಹುದು.

ಕುದುರೆ ಮಸಾಲೆ ತಿಂದು ಹೊಟ್ಟೆ ಉಬ್ಬರಿಸುವುದನ್ನು ತಡೆಯುವುದು ಹೇಗೆ?

ಹಸಿದ ಹೊಟ್ಟೆಗೆ, ಇಬ್ಬನಿ ಇರುವಾಗ ಕತ್ತರಿಸಿದ ಎಳೆಯ ಕುದುರೆ ಮಸಾಲೆಯನ್ನು ಒಂದೇ ಬಾರಿ ರಾಶಿ ಹಾಕಿದಾಗಲೇ ಉಬ್ಬರ ಬರುತ್ತದೆ. ಮೊದಲು ಒಣಹುಲ್ಲು ಕೊಟ್ಟು, ಕುದುರೆ ಮಸಾಲೆಯನ್ನು ಮೂರು ನಾಲ್ಕು ಗಂಟೆ ಬಾಡಿಸಿ, ನೇಪಿಯರ್ ಜೊತೆ ಕೊಚ್ಚಿ ಬೆರೆಸಿ ಹಾಕಿದರೆ ಅಪಾಯ ಬಹಳ ಕಡಿಮೆ. ಹೊಸದಾಗಿ ಆರಂಭಿಸುವಾಗ ಒಂದು ವಾರದಲ್ಲಿ ಹಂತಹಂತವಾಗಿ ಪೂರ್ತಿ ಪ್ರಮಾಣಕ್ಕೆ ತರಬೇಕು. ಎಡ ಪಕ್ಕೆಯ ಮೇಲ್ಭಾಗದ ಕುಳಿ ತುಂಬಿ ಬಿಗಿದು, ತಟ್ಟಿದರೆ ತಮಟೆಯ ಸದ್ದು ಬಂದು, ದನ ಮೆಲುಕು ನಿಲ್ಲಿಸಿದರೆ ಮೇವು ತೆಗೆದು ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಇದು ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು.

ನೇಪಿಯರ್‌ನ ಆಕ್ಸಲೇಟ್ ಎಳೆಯ ಚಿಗುರಿನಲ್ಲಿ ಹೆಚ್ಚು, ಬಲಿತಂತೆ ಕಡಿಮೆ. 40 ದಿನಕ್ಕೆ ಮೊದಲು ಕತ್ತರಿಸಬಾರದು ಎಂಬುದಕ್ಕೆ ಇದೂ ಒಂದು ಕಾರಣ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ತಪ್ಪಿಸಬಾರದು.

ಕುದುರೆ ಮಸಾಲೆಯಲ್ಲಿ ಹಳದಿ ದಾರದಂತಹ ಬಳ್ಳಿ ಹಬ್ಬಿದೆ. ಏನದು?

ಕಸ್ಕ್ಯೂಟಾ ಎಂಬ ಪರಾವಲಂಬಿ. ಬೇರಿಲ್ಲದೆ, ಎಲೆಯಿಲ್ಲದೆ ಗಿಡದ ರಸ ಹೀರುತ್ತದೆ, ಸಾಮಾನ್ಯವಾಗಿ ಬೀಜದೊಂದಿಗೇ ಬರುತ್ತದೆ. ಕಂಡ ಕೂಡಲೇ, ಅದು ಹೂ ಬಿಡುವ ಮೊದಲು, ಹಬ್ಬಿದ ಜಾಗವನ್ನೂ ಸುತ್ತ ಅರ್ಧ ಮೀಟರನ್ನೂ ನೆಲಮಟ್ಟಕ್ಕೆ ಕತ್ತರಿಸಿ ಅಲ್ಲಿಯೇ ಒಣಗಿಸಿ ಸುಡಬೇಕು. ದನಕ್ಕೆ ಹಾಕಿದರೆ ಅದರ ಬೀಜ ಸಗಣಿಯ ಮೂಲಕ ಮತ್ತೆ ತಾಕಿಗೆ ಬರುತ್ತದೆ.

ತಾಕುಗಳನ್ನು ಯಾವಾಗ ಹೊಸದಾಗಿ ನೆಡಬೇಕು?

ನೇಪಿಯರ್‌ನ ಹಳೆಯ ಬುಡ ಸುತ್ತಲೂ ಹರಡಿ ನಡುವೆ ಸತ್ತು ಟೊಳ್ಳಾಗುವುದು ಮೂರು ನಾಲ್ಕನೆಯ ವರ್ಷದಲ್ಲಿ. ಎಂಟು ತಾಕಿನಲ್ಲಿ ವರ್ಷಕ್ಕೆ ಎರಡರಂತೆ ಅಗೆದು ಹೊಸದಾಗಿ ನೆಟ್ಟರೆ ನಾಲ್ಕು ವರ್ಷಕ್ಕೆ ಪೂರ್ತಿ ಸುತ್ತು ಬರುತ್ತದೆ, ಮೇವು ಒಮ್ಮೆಲೇ ನಿಲ್ಲುವುದಿಲ್ಲ. ಆ ಎರಡು ತಾಕಿನ ಮೊದಲ 60 ದಿನಗಳಿಗೆ ಅಲಸಂದೆಯ ಅಂತರ ಬೆಳೆ ಮತ್ತೆ ಸಿಗುತ್ತದೆ.

ಕುದುರೆ ಮಸಾಲೆಯ ಬಹುವಾರ್ಷಿಕ ತಳಿ ಮೂರು ವರ್ಷ ಚೆನ್ನಾಗಿರುತ್ತದೆ. ಗಿಡ ತೆಳುವಾದಾಗ ಅದೇ ಮಣ್ಣಿನಲ್ಲಿ ಖಾಲಿ ಜಾಗಕ್ಕೆ ಬೀಜ ಎರಚಿದರೆ ಮೊಳೆತರೂ ಏಳುವುದಿಲ್ಲ. ಹಳೆಯ ಕುದುರೆ ಮಸಾಲೆ ಮಣ್ಣಿನಲ್ಲಿ ಬಿಟ್ಟುಹೋಗುವ ಪದಾರ್ಥಗಳು ಅದರದ್ದೇ ಎಳೆ ಸಸಿಗಳನ್ನು ಕುಗ್ಗಿಸುತ್ತವೆ. ಆದ್ದರಿಂದ ಅಲಸಂದೆಯ 7 ಗುಂಟೆಯನ್ನು ಮಳೆ ಮುಗಿದ ಬಳಿಕ ಹೊಸ ಕುದುರೆ ಮಸಾಲೆಗೆ ಕೊಟ್ಟು, ಹಳೆಯ 14 ಗುಂಟೆಯಲ್ಲಿ ಅತಿ ತೆಳುವಾದ 7 ಗುಂಟೆಯನ್ನು ಉತ್ತು, ಮುಂದಿನ ಮಳೆಗೆ ಅಲ್ಲಿ ಅಲಸಂದೆ ಬಿತ್ತಬೇಕು. ಸತ್ತ ಬೇರುಗಳು ಕೊಳೆತು ಬಿಡುವ ಸಾರಜನಕ ಸಿಗುವುದರಿಂದ ಆ ವರ್ಷದ ಅಲಸಂದೆಗೆ ಬೇರೆ ಸಾರಜನಕ ಗೊಬ್ಬರದ ಅಗತ್ಯ ಬೀಳುವುದಿಲ್ಲ.